‘ಲಾಗುವುದು’ ಎಂಬ ಬಾಲ

ಸಂಪಾದಕರೇ, ಅಕ್ರಮ ಕಂಡು ದೂರು ಕೊಡುವವರಿಗೆಂದು ನಮ್ಮ ಸಂಸ್ಥೆ ಮಾಡಿರುವ ವಿಸಿಲ್‌ಬ್ಲೋವರ್ ಪಾಲಿಸಿ 22 ಪುಟ ಇದೆ. ಅದನ್ನು ಸಿಬ್ಬಂದಿಗಾಗಿ ಒಂದು ಪುಟಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರು ದೂರು ಕೊಡಬಹುದು, ಎಲ್ಲಿ ಕೊಡಬೇಕು, ಕೊಟ್ಟವರಿಗೆ ಏನು ರಕ್ಷಣೆ, ತನಿಖೆ ಹೇಗೆ ನಡೆಯುತ್ತದೆ, ಇಷ್ಟೇ ಇರಬೇಕಂತೆ. ಒಂದು ಪದ ಬಿಟ್ಟರೂ ಅಪಾಯ ಎನ್ನುತ್ತಾರೆ ಕಾನೂನು ವಿಭಾಗದವರು. ‘ಚಿಕ್ಕದಾಗಿ, ಚೊಕ್ಕವಾಗಿ ಮುಗಿಸಿ’ ಎನ್ನುತ್ತಾರೆ ಎಚ್‌ಆರ್ ಮುಖ್ಯಸ್ಥರು. ಕರಡು ಜೊತೆಗಿಟ್ಟಿದ್ದೇನೆ. ಯಾರ ಮಾತು ಕೇಳಲಿ?
— ಒಬ್ಬ ಓದುಗರು

ಕಾನೂನು ವಿಭಾಗದವರ ಭಯ ಸುಳ್ಳಲ್ಲ. ನಾಳೆ ತಕರಾರು ಬಂದರೆ ನಿಮ್ಮ ಒಂದು ಪುಟವನ್ನೇ ಯಾರೋ ಎದುರಿಗೆ ಹಿಡಿಯುತ್ತಾರೆ. ಅವರ ಸಮಾಧಾನಕ್ಕೆ ಪುಟದ ಕೊನೆಗೆ ‘ಪೂರ್ತಿ ಪಾಲಿಸಿಯೇ ಅಂತಿಮ’ ಎಂದು ಒಂದು ಸಾಲು ಹಾಕಿ, ಪೂರ್ತಿ ಪಾಲಿಸಿ ಎಲ್ಲಿ ಸಿಗುತ್ತದೆ ಅಂತಲೂ ಬರೆಯಿರಿ. ಅಲ್ಲಿಗೆ ಅವರ ಪಾಲು ಮುಗಿಯಿತು.

ಈಗ ನಿಮ್ಮ ಕರಡಿಗೆ ಬರೋಣ. ಅಕ್ಷರ ಚೆನ್ನಾಗಿದೆ, ಶ್ರದ್ಧೆಯೂ ಕಾಣುತ್ತದೆ. ಆದರೆ ಪೆನ್ಸಿಲ್ ಹಿಡಿದು ಎಣಿಸಿದೆ: ‘ಲಾಗುವುದು’ ಒಂಬತ್ತು ಸಲ ಬಂದಿದೆ. ದೂರನ್ನು ಪರಿಶೀಲಿಸಲಾಗುವುದು, ತನಿಖೆ ನಡೆಸಲಾಗುವುದು, ಗುರುತನ್ನು ಗೌಪ್ಯವಾಗಿಡಲಾಗುವುದು. ಯಾರು ಸ್ವಾಮಿ? ಪರಿಶೀಲಿಸುವವರು ಯಾರು? ಈ ಬಾಲ ಅಂಟಿಸಿದರೆ ವಾಕ್ಯದಿಂದ ಮನುಷ್ಯ ಮಾಯವಾಗುತ್ತಾನೆ. ಬೇರೆ ಸುತ್ತೋಲೆಗಳಲ್ಲಾದರೆ ಹೇಗೋ ಸಹಿಸಬಹುದು. ಇಲ್ಲಿ ಓದುವವರಿಗೆ ಬೇಕಾಗಿರುವುದು ಆ ಮನುಷ್ಯ ಯಾರು ಅನ್ನೋದೊಂದೇ. ಅದು ಗೊತ್ತಾಗದೆ ಯಾರೂ ಬಾಯಿ ಬಿಡುವುದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. ಪತ್ರಿಕೆಗೆ ಬರುವ ಮುಂಚೆ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮೆಟ್ಟಿಲ ಹತ್ತಿರ ದೂರಿನ ಪೆಟ್ಟಿಗೆ ಇತ್ತು, ಹಸಿರು ಬಣ್ಣದ್ದು. ‘ದೂರುಗಳನ್ನು ಗೌಪ್ಯವಾಗಿ ಸ್ವೀಕರಿಸಲಾಗುವುದು’ ಎಂದು ಅದರ ಮೇಲೆ ಬರೆದಿತ್ತು. ಪಕ್ಕದ ಮೇಜಿನ ಗೆಳೆಯ ಒಂದು ಸಂಜೆ ಖರೀದಿ ವಿಭಾಗದ ಸುಳ್ಳು ಬಿಲ್ಲುಗಳ ಬಗ್ಗೆ ಹೆಸರು ಹಾಕದೆ ಚೀಟಿ ಬರೆದು ಹಾಕಿದ. ಪೆಟ್ಟಿಗೆಯ ಬೀಗದ ಕೈ ಖರೀದಿ ವಿಭಾಗದ ಮುಖ್ಯಸ್ಥರ ಡ್ರಾಯರಿನಲ್ಲೇ ಇತ್ತು ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಚೀಟಿ ಕೈಬರಹದ್ದು. ಗೆಳೆಯನನ್ನು ಕೆಲಸದಿಂದ ತೆಗೆಯಲಿಲ್ಲ. ಸುಮ್ನೆ ಬೇರೆ ಮಹಡಿಗೆ ಹಾಕಿದರು. ಅಲ್ಲಿ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ.

ಹಾಗಾಗಿ ‘ರಕ್ಷಣೆ’ ಭಾಗವನ್ನೇ ಮೊದಲು ಬರೆಯಿರಿ. ಮೂಲದಲ್ಲಿ ಹೀಗಿದೆ: ‘ಸದುದ್ದೇಶದಿಂದ ವರದಿ ಮಾಡಿದವರ ಗುರುತನ್ನು ಸಾಧ್ಯವಾದ ಮಟ್ಟಿಗೆ ಗೌಪ್ಯವಾಗಿಡಲಾಗುವುದು.’ ನೀವು ಅದನ್ನು ‘ನಿಮ್ಮ ಹೆಸರು ಗುಟ್ಟಾಗಿರುತ್ತದೆ’ ಎಂದು ಇಳಿಸಿದ್ದೀರಿ. ಓದಲು ಹಿತವಾಗಿದೆ. ಆದರೆ ‘ಸಾಧ್ಯವಾದ ಮಟ್ಟಿಗೆ’ ಬಿದ್ದುಹೋಯಿತು. ಸಂಸ್ಥೆ ಕೊಡದ ಮಾತನ್ನು ನೀವು ಕೊಟ್ಟ ಹಾಗಾಯಿತು, ಅಲ್ವಾ? ಹಾಗಂತ ಆ ಎರಡು ಪದವನ್ನು ಹಾಗೇ ಉಳಿಸಿದರೂ ಓದುವವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಮಟ್ಟಿಗೆ? ಕಾನೂನು ವಿಭಾಗದವರನ್ನು ಕೂರಿಸಿಕೊಂಡು ಕೇಳಿ. ಉತ್ತರ ಹೆಚ್ಚುಕಮ್ಮಿ ಹೀಗೆ ಬರುತ್ತದೆ: ‘ನಿಮ್ಮ ಹೆಸರು ದೂರು ಪಡೆಯುವ ಅಧಿಕಾರಿಗೆ ಮತ್ತು ತನಿಖೆ ಮಾಡುವವರಿಗೆ ಮಾತ್ರ ಗೊತ್ತಿರುತ್ತದೆ. ನಿಮ್ಮ ಮ್ಯಾನೇಜರ್‌ಗೆ ಅವರು ಹೇಳುವುದಿಲ್ಲ. ಕೋರ್ಟ್ ಕೇಳಿದರೆ ಕೊಡಬೇಕಾಗುತ್ತದೆ. ಕೊಡುವ ಮೊದಲು ನಿಮಗೆ ತಿಳಿಸುತ್ತೇವೆ; ತಿಳಿಸಿದರೆ ತನಿಖೆಯೇ ಕೆಡುತ್ತದೆ ಎಂದಾಗ ಮಾತ್ರ ತಿಳಿಸುವುದಿಲ್ಲ.’ ಒಂದು ಸಾಲು ನಾಲ್ಕಾಯಿತು. ಆಗಲಿ ಬಿಡಿ, ಜಾಗ ಉಳಿಸಬೇಕಾದ್ದು ಇಲ್ಲಿ ಅಲ್ಲ.

ಇನ್ನೊಂದು ಗೊಂದಲವೂ ನಿಮ್ಮ ಕರಡಿನಲ್ಲಿದೆ. ಹೆಸರು ಗುಟ್ಟಾಗಿಡುವುದು ಬೇರೆ, ಹೆಸರೇ ಹೇಳದೆ ದೂರು ಕೊಡುವುದು ಬೇರೆ. ಹೆಸರಿಲ್ಲದ ದೂರನ್ನೂ ನಿಮ್ಮ ಸಂಸ್ಥೆ ತೆಗೆದುಕೊಳ್ಳುತ್ತದೆ ಎಂದು 9ನೇ ಪುಟದಲ್ಲಿದೆ, ನಿಮ್ಮ ಪುಟದಲ್ಲಿಲ್ಲ. ಸೇರಿಸುವಾಗ ಅದರ ತೊಡಕನ್ನೂ ಹೇಳಿ: ತನಿಖೆ ಮಾಡುವವರಿಗೆ ವಾಪಸ್ ಪ್ರಶ್ನೆ ಕೇಳಲು ದಾರಿ ಇಲ್ಲದಿದ್ದರೆ ಅಂಥ ದೂರು ಅರ್ಧಕ್ಕೇ ನಿಲ್ಲುತ್ತದೆ.

ಹೆಸರು ಹಾಕದಿದ್ದರೆ ಸುರಕ್ಷಿತ ಎನ್ನುವವರಿಗೆ ಬಾರ್ಕ್ಲೇಸ್ ಬ್ಯಾಂಕಿನ ಸಂಗತಿ ಹೇಳಬೇಕು. 2016ರಲ್ಲಿ ಅಲ್ಲಿಗೆ ಹೆಸರಿಲ್ಲದ ದೂರಿನ ಪತ್ರ ಬಂತು. ಬರೆದವರು ಯಾರು ಅಂತ ಪತ್ತೆ ಹಚ್ಚಲು ಬ್ಯಾಂಕಿನ ಮುಖ್ಯಸ್ಥರೇ ಹೊರಟರು. ಪತ್ತೆಯಾಗಲಿಲ್ಲ. 2018ರಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆಗಳು ಅವರಿಗೆ ಒಟ್ಟು 6,42,430 ಪೌಂಡ್ ದಂಡ ಹಾಕಿದವು. ಅದಕ್ಕೇ ಹೇಳುವುದು, ‘ಪ್ರತೀಕಾರ ನಿಷೇಧಿಸಲಾಗಿದೆ’ ಅಂದರೆ ಸಾಲದು. ‘ದೂರು ಕೊಟ್ಟವರು ಯಾರು ಅಂತ ಯಾರೂ ಹುಡುಕುವ ಹಾಗಿಲ್ಲ, ಮುಖ್ಯಸ್ಥರೂ ಸೇರಿ’ ಎಂದು ಬರೆಯಿರಿ. ಪ್ರತೀಕಾರ ಅಂದರೆ ವಜಾ ಒಂದೇ ಅಂತ ಜನ ತಿಳಿಯುತ್ತಾರೆ. ವರ್ಗಾವಣೆ, ಕೆಟ್ಟ ಅಪ್ರೈಸಲ್, ತಪ್ಪಿದ ಬಡ್ತಿ, ಕೆಲಸವೇ ಕೊಡದೆ ಕೂರಿಸುವುದು, ಇವನ್ನೂ ಹೆಸರಿಸಿ. ನನ್ನ ಗೆಳೆಯನಿಗೆ ಆ ಕೊನೆಯದಕ್ಕೆ ಹೆಸರಿದೆ ಅಂತಲೇ ಗೊತ್ತಿರಲಿಲ್ಲ.

‘ಸದುದ್ದೇಶ’ವನ್ನೂ ಬಿಡಿಸಿ ಹೇಳಿ. ಮನಸ್ಸು ಶುದ್ಧವಾಗಿರಬೇಕು, ಕೈಯಲ್ಲಿ ಪುರಾವೆ ಇರಬೇಕು ಎಂದು ಹೆದರಿ ಸುಮ್ಮನಾಗುವವರು ಜಾಸ್ತಿ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಕೇಳುವುದು ಇಷ್ಟೇ: ಹೇಳುವ ಹೊತ್ತಿಗೆ ಅದು ನಿಜ ಎಂದು ನಂಬಲು ಸರಿಯಾದ ಕಾರಣ ಇರಬೇಕು. ಆಮೇಲೆ ತಪ್ಪು ಅಂತ ಗೊತ್ತಾದರೂ ರಕ್ಷಣೆ ಹೋಗುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದವರಿಗೆ ಅದು ಇಲ್ಲ. ನಿಮ್ಮ ಪಾಲಿಸಿಯೂ ಅದನ್ನೇ ಹೇಳುತ್ತದೆಯೇ ಎಂದು ನೋಡಿಕೊಂಡು ಬರೆಯಿರಿ.

‘ಯಾರು’ ಎಂಬಲ್ಲಿ ನೀವು ‘ಎಲ್ಲ ಸಿಬ್ಬಂದಿ’ ಎಂದು ಬರೆದು ಮುಂದೆ ಹೋಗಿದ್ದೀರಿ. ಮೂಲದ 2ನೇ ಪುಟದಲ್ಲಿ ವ್ಯಾಖ್ಯೆಗಳಿವೆ, ಯಾರೂ ಓದದ ಪುಟ. ಅಲ್ಲಿ ‘ಸಿಬ್ಬಂದಿ’ ಅಂದರೆ ಗುತ್ತಿಗೆಯವರು, ತರಬೇತಿಗೆ ಬಂದವರು, ಕೆಲಸ ಬಿಟ್ಟು ಹೋದವರು ಎಲ್ಲರೂ ಸೇರುತ್ತಾರೆ. ನಿಮ್ಮ ಪುಟ ಓದುವ ಗುತ್ತಿಗೆ ಕಾವಲುಗಾರ ‘ಇದು ನನಗಲ್ಲ’ ಎಂದು ತಿರುಗಿ ಹೋಗುತ್ತಾನೆ. ರಾತ್ರಿ ಗೇಟಿನಿಂದ ಏನೇನು ಹೊರಗೆ ಹೋಗುತ್ತದೆ ಅಂತ ಬಲ್ಲವನು ಅವನೇ. ಸಂಬಳ, ರಜೆ, ಮೇಲಿನವರ ಜೊತೆ ಜಗಳ ಇವೆಲ್ಲ ಇಲ್ಲಿಗೆ ಬರುವುದಿಲ್ಲ, ಅದಕ್ಕೆ ಬೇರೆ ದಾರಿ ಇದೆ ಎಂದು ಒಂದು ಸಾಲು ಸಾಕು.

ತನಿಖೆಯ ಹಂತಗಳಿಗೆ ದಿನ ಹಾಕಿ. ಅದೇ ಐರೋಪ್ಯ ನಿರ್ದೇಶನದಲ್ಲಿ ದೂರು ತಲುಪಿತು ಎಂದು 7 ದಿನದೊಳಗೆ ತಿಳಿಸಬೇಕು, ಅಲ್ಲಿಂದ 3 ತಿಂಗಳೊಳಗೆ ಏನು ಮಾಡಿದೆವು ಎಂದು ಹೇಳಬೇಕು. ನಿಮ್ಮಲ್ಲಿ ಎಷ್ಟಿದೆಯೋ ಅಷ್ಟು ಬರೆಯಿರಿ. ದಿನವೇ ಇಲ್ಲದಿದ್ದರೆ ಅದು ಪಾಲಿಸಿಯ ಕುಂದು. ಅದನ್ನು ಚಂದದ ವಾಕ್ಯದಲ್ಲಿ ಮುಚ್ಚಬೇಡಿ, ಎಚ್‌ಆರ್ ಮುಖ್ಯಸ್ಥರಿಗೆ ಹೇಳಿ. ಪಾಲಿಸಿ ಬರೆದಾಗ ಕಾಣದ ತೂತುಗಳು ಅದನ್ನು ಇಳಿಸುವಾಗ ಕಾಣುತ್ತವೆ. ದೂರು ಅಧಿಕಾರಿಯ ಮೇಲೆಯೇ ದೂರು ಇದ್ದರೆ ಯಾರು ನೋಡುತ್ತಾರೆ ಎಂಬುದು ನಿಮ್ಮ 22 ಪುಟದಲ್ಲಿ ಇದೆಯೇ, ನೋಡಿ. ಹಸಿರು ಪೆಟ್ಟಿಗೆಯ ಬೀಗದ ಕೈ ಎಲ್ಲಿತ್ತು ಅಂತ ಹೇಳಿದೆನಲ್ಲ.

ಈ ‘ಲಾಗುವುದು’ ನಮ್ಮ ಕಚೇರಿ ಕನ್ನಡಕ್ಕೆ ಎಲ್ಲಿಂದ ಅಂಟಿತೋ. ಲಿಫ್ಟ್ ಕೆಟ್ಟರೆ ‘ದುರಸ್ತಿಗೊಳಿಸಲಾಗುವುದು’, ನೀರು ನಿಂತರೆ ‘ವಿಷಾದಿಸಲಾಗುತ್ತದೆ’. ವಿಷಾದ ಪಡಲಿಕ್ಕೂ ಒಬ್ಬರು ಇಲ್ಲವೇ! ಮನೆಯಲ್ಲಿ ಯಾರಾದರೂ ‘ಕಾಫಿ ಕೊಡಲಾಗುವುದು’ ಅನ್ನುತ್ತಾರೆಯೇ? ಈ ಬಗ್ಗೆ ಇಪ್ಪತ್ತು ವರ್ಷದಿಂದ ಗೊಣಗುತ್ತಿದ್ದೇನೆ, ಹಳೆಯ ಓದುಗರು ಕ್ಷಮಿಸಲಿ.

ನಿಮ್ಮ ಪುಟ ಅಚ್ಚಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಅದರಲ್ಲಿರುವ ದೂರಿನ ನಂಬರಿಗೆ ರಾತ್ರಿ ಒಂಬತ್ತರ ಮೇಲೆ ನಿಮ್ಮ ಸ್ವಂತ ಫೋನಿನಿಂದ ಕರೆ ಮಾಡಿ. ಯಾರು ಎತ್ತುತ್ತಾರೆ, ಮೊದಲು ಏನು ಕೇಳುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ‘ನಿಮ್ಮ ಹೆಸರೇನು, ಯಾವ ವಿಭಾಗ?’ ಅಂತ ಶುರು ಮಾಡಿದರೆ ಪುಟವನ್ನು ಇನ್ನೂ ಅಚ್ಚಿಗೆ ಕೊಡಬೇಡಿ.