ಕೀಮೋ ವಾಂತಿಗೆ ನಾಲ್ಕು ಔಷಧಿ ಯಾಕೆ?

ಪ್ರಶ್ನೆ: ನಮ್ಮ ಅವ್ವನಿಗೆ ಮೂರು ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಕೀಮೋ ಶುರುವಾಗಿದೆ. ವಾಂತಿ ಆಗದಿರಲಿ ಅಂತ ನಾಲ್ಕು ಥರದ ಔಷಧಿ ಬರೆದಿದ್ದಾರೆ. ಒಂದೇ ಸಾಕಾಗಲ್ವಾ? ಮೊದಲ ದಿನ ಪೂರ್ತಿ ಆರಾಮಿದ್ದರು. ಉಳಿದ ಮಾತ್ರೆ ಬಿಡಬಹುದಾ?

ಬಿಡಬೇಡಿ. ಸಿಸ್ಪ್ಲಾಟಿನ್ ವಾಂತಿ ಎರಡು ಹಂತದಲ್ಲಿ ಬರುತ್ತದೆ. ಮೊದಲ ದಿನ ಬರುವುದು ಒಂದು, ಎರಡನೇ ದಿನದಿಂದ ಐದನೇ ದಿನದವರೆಗೆ ಕಾಡುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಔಷಧಿಯೂ ಬೇರೆ. ನಾನು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಕೀಮೋ ಮುಗಿಸಿ ಅಥಣಿ, ರಾಯಬಾಗ, ಗೋಕಾಕ ಕಡೆ ಬಸ್ ಹತ್ತುವವರಿಗೆ ಮಾತ್ರೆ ಕೊಟ್ಟು, ಹೇಗೆ ತಗೋಬೇಕು ಅಂತ ಹೇಳಿ ಕಳಿಸುವುದು ನನ್ನ ಕೆಲಸ. ನೀವು ಕೇಳಿದ್ದನ್ನೇ ಅವರೂ ಕೇಳುತ್ತಾರೆ.

ಮೊದಲ ದಿನದ ವಾಂತಿ ಶುರುವಾಗುವುದು ಕರುಳಿನಲ್ಲಿ. ನಮ್ಮ ಮೈಯಲ್ಲಿರುವ ಸೆರೊಟೋನಿನ್ ಅನ್ನುವ ರಾಸಾಯನಿಕದಲ್ಲಿ ಹೆಚ್ಚಿನ ಪಾಲು ಕರುಳಿನ ಒಳಪದರದ ಕೆಲವು ಜೀವಕೋಶಗಳಲ್ಲೇ ತುಂಬಿಕೊಂಡಿರುತ್ತದೆ. ಸಿಸ್ಪ್ಲಾಟಿನ್ ಆ ಕೋಶಗಳಿಗೆ ಪೆಟ್ಟು ಕೊಟ್ಟ ಕೂಡಲೇ ಅದು ಹೊರಗೆ ಚೆಲ್ಲುತ್ತದೆ. ಪಕ್ಕದಲ್ಲೇ ಇರುವ ವೇಗಸ್ ನರದ ತುದಿಗೆ ಅಂಟಿಕೊಳ್ಳುತ್ತದೆ. ಆ ನರ ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ನಾಲ್ಕರಲ್ಲಿ ಮೊದಲನೆಯದು ಒಂಡಾನ್‌ಸೆಟ್ರಾನ್ ಇಲ್ಲವೇ ಪಾಲೊನೊಸೆಟ್ರಾನ್. ಎರಡೂ ಆ ನರದ ತುದಿಯಲ್ಲಿ ಮೊದಲೇ ಹೋಗಿ ಕೂರುತ್ತವೆ. ಸೆರೊಟೋನಿನ್ ಚೆಲ್ಲುವುದನ್ನು ಅವು ತಡೆಯುವುದಿಲ್ಲ, ಅದಕ್ಕೆ ಅಂಟಿಕೊಳ್ಳಲು ಜಾಗ ಬಿಡುವುದಿಲ್ಲ, ಅಷ್ಟೇ. ಕೀಮೋ ಬಾಟಲಿ ಏರಿಸುವ ಮೊದಲೇ ಈ ಇಂಜೆಕ್ಷನ್ ಕೊಡುವುದು ಇದಕ್ಕೇ.

ಎರಡನೇ ದಿನದ ಹೊತ್ತಿಗೆ ಸೆರೊಟೋನಿನ್ ಅಬ್ಬರ ಇಳಿದಿರುತ್ತದೆ. ಆಮೇಲೆ ಮುಂದೆ ಬರುವುದು 'ಸಬ್‌ಸ್ಟೆನ್ಸ್ ಪಿ' ಅನ್ನುವ ಇನ್ನೊಂದು ವಸ್ತು. ಇದರ ಕೆಲಸ ಮುಖ್ಯವಾಗಿ ಮಿದುಳಿನಲ್ಲೇ, ಎನ್‌ಕೆ-1 ಅನ್ನುವ ಜಾಗದಲ್ಲಿ. ಒಂಡಾನ್‌ಸೆಟ್ರಾನ್ ಎಷ್ಟು ನುಂಗಿದರೂ ಅಲ್ಲಿ ಅದಕ್ಕೆ ಕೆಲಸವಿಲ್ಲ. 1991ರಲ್ಲಿ ಒಂಡಾನ್‌ಸೆಟ್ರಾನ್ ಬಂದ ಮೇಲೆ ಮೊದಲ ದಿನದ ವಾಂತಿ ಬಹಳ ತಗ್ಗಿತು, ಆದರೆ ಮೂರನೇ ದಿನದ ಕಾಟ ಹಾಗೇ ಉಳಿಯಿತು. ಎನ್‌ಕೆ-1 ಜಾಗವನ್ನು ಮುಚ್ಚುವ ಅಪ್ರೆಪಿಟಂಟ್ 2003ರಲ್ಲಿ ಬಂದ ಮೇಲೆಯೇ ಅದಕ್ಕೊಂದು ಉತ್ತರ ಸಿಕ್ಕಿದ್ದು. ಸಾಮಾನ್ಯವಾಗಿ ಇದನ್ನು ಮೊದಲ ದಿನ 125 ಮಿಲಿಗ್ರಾಂ, ಎರಡು ಮತ್ತು ಮೂರನೇ ದಿನ 80 ಮಿಲಿಗ್ರಾಂ ಕ್ಯಾಪ್ಸೂಲ್ ಆಗಿ ಕೊಡುತ್ತಾರೆ. ಇದೇ ಔಷಧಿಯ ಇಂಜೆಕ್ಷನ್ ರೂಪ ಫೋಸಾಪ್ರೆಪಿಟಂಟ್. ಅದನ್ನು ಮೊದಲ ದಿನವೇ ಕೊಟ್ಟಿದ್ದರೆ ಮನೆಗೆ ಕ್ಯಾಪ್ಸೂಲ್ ಇರುವುದಿಲ್ಲ. ನಿಮ್ಮ ಚೀಟಿಯಲ್ಲಿ ಯಾವುದಿದೆ ನೋಡಿಕೊಳ್ಳಿ.

ಮೂರನೆಯದು ಡೆಕ್ಸಾಮೆಥಾಸೋನ್, ಒಂದು ಸ್ಟೀರಾಯ್ಡ್. ವಾಂತಿಯನ್ನು ಅದು ಹೇಗೆ ತಡೆಯುತ್ತದೆ ಅನ್ನುವುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಎರಡೂ ಹಂತಗಳಲ್ಲಿ ಉಳಿದ ಔಷಧಿಗಳ ಬಲ ಹೆಚ್ಚಿಸುತ್ತದೆ ಅನ್ನುವುದು ಮತ್ತೆ ಮತ್ತೆ ಸಾಬೀತಾಗಿದೆ. ಜನ ಮೊದಲು ಬಿಟ್ಟುಬಿಡುವುದೂ ಇದನ್ನೇ.

ಅಥಣಿ ಕಡೆಯ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಲ ದಿನ ಎಲ್ಲ ಔಷಧಿ ಆಸ್ಪತ್ರೆಯಲ್ಲೇ ಆಯಿತು. ಸಂಜೆ ಊರಿಗೆ ಹೋಗಿ ಅರ್ಧ ರೊಟ್ಟಿ, ಮೊಸರು ಉಂಡರು. ಮರುದಿನ ಯಾರೋ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ ಅಂದರು. ಡೆಕ್ಸಾಮೆಥಾಸೋನ್ ನಿಲ್ಲಿಸಿದರು. ಕ್ಯಾಪ್ಸೂಲ್ ದುಬಾರಿ, ಹೇಗೂ ಆರಾಮಿದ್ದಾರೆ ಅಂತ ಅದನ್ನೂ ಕೊಳ್ಳಲಿಲ್ಲ. ಬರೀ ಒಂಡಾನ್‌ಸೆಟ್ರಾನ್ ಮುಂದುವರಿಸಿದರು. ಮೂರನೇ ದಿನ ಬೆಳಗ್ಗೆ ಒಗ್ಗರಣೆ ವಾಸನೆಗೇ ವಾಂತಿ ಶುರುವಾಯಿತು. ಮಗ ಇನ್ನೊಂದು ಒಂಡಾನ್‌ಸೆಟ್ರಾನ್ ಕೊಟ್ಟ, ಮಧ್ಯಾಹ್ನ ಮತ್ತೊಂದು. ವಾಂತಿ ನಿಲ್ಲಲಿಲ್ಲ, ಮಲಬದ್ಧತೆ ಮಾತ್ರ ಜಾಸ್ತಿಯಾಯಿತು. ಅದು ಆ ಮಾತ್ರೆಯದ್ದೇ ಅಡ್ಡಪರಿಣಾಮ. ಸಂಜೆಗೆ ಗ್ಲೂಕೋಸ್ ಏರಿಸಲು ಕರೆದುಕೊಂಡು ಬರಬೇಕಾಯಿತು.

ಇಲ್ಲಿ ಹೊರಗೆ ಕಾಣದ ಒಂದು ಲೆಕ್ಕವಿದೆ. ಲಿವರ್‌ನಲ್ಲಿ ಡೆಕ್ಸಾಮೆಥಾಸೋನನ್ನು ಕರಗಿಸುವ ಕಿಣ್ವವನ್ನು ಅಪ್ರೆಪಿಟಂಟ್ ನಿಧಾನ ಮಾಡುತ್ತದೆ. ಹಾಗಾಗಿ ರಕ್ತದಲ್ಲಿ ಡೆಕ್ಸಾಮೆಥಾಸೋನ್ ಪ್ರಮಾಣ ಸುಮಾರು ದುಪ್ಪಟ್ಟಾಗುತ್ತದೆ. ಅಪ್ರೆಪಿಟಂಟ್ ಜೊತೆಗಿದ್ದಾಗ ಮೊದಲ ದಿನ 20ರ ಬದಲು 12 ಮಿಲಿಗ್ರಾಂ ಬರೆಯುವುದು ಇದೇ ಕಾರಣಕ್ಕೆ. ಅಂದರೆ ಕ್ಯಾಪ್ಸೂಲ್ ಒಂದನ್ನು ಬಿಟ್ಟರೂ ಸ್ಟೀರಾಯ್ಡ್ ಕೂಡ ತಾನಾಗೇ ಕಡಿಮೆ ಬೀಳುತ್ತದೆ. ಹಣದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಸಂಕೋಚ ಬೇಡ. ಅವರು ಪ್ರಮಾಣವನ್ನೇ ಬೇರೆ ರೀತಿ ಹೊಂದಿಸುತ್ತಾರೆ. ಸಕ್ಕರೆಯ ಭಯಕ್ಕೂ ಅಷ್ಟೇ. ಡೆಕ್ಸಾಮೆಥಾಸೋನ್‌ನಿಂದ ಸಕ್ಕರೆ ಏರುವುದು ನಿಜ. ಆ ದಿನಗಳಲ್ಲಿ ಸಕ್ಕರೆ ನೋಡಿಕೊಳ್ಳುತ್ತಾ, ಡಾಕ್ಟರ್ ಹೇಳಿದಂತೆ ಸಕ್ಕರೆಯ ಔಷಧಿ ಬದಲಿಸಿಕೊಂಡರೆ ನಿಭಾಯಿಸಬಹುದು. ಡೆಕ್ಸಾಮೆಥಾಸೋನನ್ನು ಬೆಳಗ್ಗೆ ಊಟದ ಮೇಲೆ ಕೊಡಿ. ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ.

ನಾಲ್ಕನೆಯದು ಓಲಾಂಜಪಿನ್ ಇರಬೇಕು. ಮೆಡಿಕಲ್ ಶಾಪಿನಲ್ಲಿ ಯಾರಾದರೂ "ಇದು ತಲೆ ಕೆಟ್ಟವರ ಗುಳಿಗಿ" ಅಂದರೆ ಗಾಬರಿಯಾಗಬೇಡಿ. ಮಾನಸಿಕ ಕಾಯಿಲೆಗೂ ಕೊಡುತ್ತಾರೆ, ನಿಜ. ಇಲ್ಲಿ ಅದರ ಉಪಯೋಗವೇ ಬೇರೆ. ಡೋಪಮಿನ್, ಸೆರೊಟೋನಿನ್, ಹಿಸ್ಟಮಿನ್ ಹೀಗೆ ಹಲವು ದಾರಿಗಳನ್ನು ಅದೊಂದೇ ತಡೆಯುತ್ತದೆ. ನನಗೆ ಇದರ ಮೇಲೆ ವಿಶೇಷ ನಂಬಿಕೆ. ಉಳಿದ ಮೂರು ವಾಂತಿಯನ್ನು ಚೆನ್ನಾಗಿ ನಿಲ್ಲಿಸುತ್ತವೆ. ಆದರೆ ಹೊಟ್ಟೆ ತೊಳೆಸುವುದು, ಬಾಯಲ್ಲಿ ನೀರೂರುವುದು, ಅನ್ನ ಕಂಡರೆ ಮುಖ ತಿರುಗಿಸುವುದು ಉಳಿದುಬಿಡುತ್ತದೆ. ಅದನ್ನು ತಗ್ಗಿಸುವುದರಲ್ಲಿ ಓಲಾಂಜಪಿನ್ ಮುಂದು. ಇದರ ತೊಂದರೆ ಅಂದರೆ ಮಂಪರು. ರಾತ್ರಿ ಕೊಡಿ, ಅವ್ವ ನಡುರಾತ್ರಿ ಎದ್ದರೆ ಯಾರಾದರೂ ಜೊತೆಗಿರಿ. ಮೊದಲು 10 ಮಿಲಿಗ್ರಾಂ ರೂಢಿಯಲ್ಲಿತ್ತು. 2.5 ಮಿಲಿಗ್ರಾಂ ಕೂಡ ಅಷ್ಟೇ ಕೆಲಸ ಮಾಡುತ್ತದೆ, ಮಂಪರು ಕಡಿಮೆ ಅಂತ ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು 2024ರಲ್ಲಿ ಪ್ರಕಟಿಸಿದರು. ಚೀಟಿಯಲ್ಲಿ ಚಿಕ್ಕ ಪ್ರಮಾಣ ಕಂಡರೆ ಕಡಿಮೆ ಕೊಟ್ಟರು ಅಂದುಕೊಳ್ಳಬೇಡಿ.

ಆ ತಾಯಿಗೆ ಎರಡನೇ ಸಲ ನಾಲ್ಕೂ ಔಷಧಿ ಪೂರ್ತಿ ಆಯಿತು. ಸಕ್ಕರೆ ಎರಡು ದಿನ ಏರಿತು, ಔಷಧಿ ಹೊಂದಿಸಿದರು. ಮೂರನೇ ದಿನ ಸ್ವಲ್ಪ ಹೊಟ್ಟೆ ತೊಳೆಸಿತು, ವಾಂತಿ ಆಗಲಿಲ್ಲ. ನುಚ್ಚು, ಮಜ್ಜಿಗೆ ಉಂಡರು.

ಎಲ್ಲ ಸರಿಯಾಗಿ ತಗೊಂಡರೂ ವಾಂತಿಯಾದರೆ ಅದೇ ಮಾತ್ರೆಯನ್ನು ಮತ್ತೆ ಮತ್ತೆ ಕೊಡಬೇಡಿ. ಬೇರೆ ವರ್ಗದ ಔಷಧಿ ಸೇರಿಸಬೇಕಾಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು. ಅಂಗಡಿಯಿಂದ ಮೆಟೊಕ್ಲೋಪ್ರಮೈಡ್ ತಂದು ಓಲಾಂಜಪಿನ್ ಜೊತೆ ಕೊಡಬೇಡಿ. ಎರಡೂ ಡೋಪಮಿನ್ ತಡೆಯುವುದರಿಂದ ಕತ್ತು, ದವಡೆ ಬಿಗಿದುಕೊಳ್ಳುವ ಅಪಾಯವಿದೆ. ಮೂರು ದಿನ ಮಲ ಬಾರದೆ ಹೊಟ್ಟೆ ಉಬ್ಬಿ ವಾಂತಿಯಾದರೆ ಕೀಮೋದ್ದೇ ಅಂದುಕೊಂಡು ಕೂರಬೇಡಿ, ತೋರಿಸಿ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವ ತನಕ ಕಾಯದೆ ಆಗಲೇ ಕರೆದೊಯ್ಯಿರಿ. ಸಿಸ್ಪ್ಲಾಟಿನ್ ಕಿಡ್ನಿಗೆ ಪೆಟ್ಟು ಕೊಡುವ ಔಷಧಿ. ಮೈಯಲ್ಲಿ ನೀರು ಕಡಿಮೆಯಾದರೆ ಆ ಪೆಟ್ಟು ಇನ್ನೂ ಜೋರಾಗುತ್ತದೆ.