ಕಿರ್ದಿ ಬರೆಯುವವನನ್ನು ಗುತ್ತಿಗೆಗೆ ಹಿಡಿಯುತ್ತೀರಾ?

*ಮಾನ್ಯ ಸಂಪಾದಕರೆ, ಗದಗ, ಹುಬ್ಬಳ್ಳಿ, ಬಾಗಲಕೋಟೆಯಲ್ಲಿ ನಮ್ಮ ಮೂರು ಸೀರೆ ಅಂಗಡಿಗಳಿವೆ. ಆನ್‌ಲೈನ್ ಮಾರಾಟ ಶುರು ಮಾಡಬೇಕು, ಮೂರೂ ಕಡೆಯ ಸ್ಟಾಕ್ ಒಂದೇ ಕಡೆ ಕಾಣಬೇಕು. ಪರಿಚಯದ ಫ್ರೀಲ್ಯಾನ್ಸರ್ ಒಬ್ಬ 1.8 ಲಕ್ಷಕ್ಕೆ ಮಾಡಿಕೊಡುತ್ತೇನೆ ಎನ್ನುತ್ತಾನೆ. ಬೆಂಗಳೂರಿನ ಏಜೆನ್ಸಿ 7.5 ಲಕ್ಷ, ಎರಡನೇ ವರ್ಷದಿಂದ ನಿರ್ವಹಣೆಗೆ ವರ್ಷಕ್ಕೆ 1.5 ಲಕ್ಷ ಕೇಳಿದೆ. ತಿಂಗಳಿಗೆ 40 ಸಾವಿರ ಕೊಟ್ಟು ನಮ್ಮವರನ್ನೇ ಇಟ್ಟುಕೊಳ್ಳೋಣ ಅಂತ ಮಗ ಹಟ ಹಿಡಿದಿದ್ದಾನೆ. ತಾವೇನು ಹೇಳುತ್ತೀರಿ?*
*— ಸೀರೆ ವ್ಯಾಪಾರಿ, ಗದಗ*

ನಿಮ್ಮ ಮಗನ ಪರ ನಾನು. ಲೆಕ್ಕದಲ್ಲಿ ಅವನು ಸೋಲುತ್ತಾನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷಕ್ಕೆ ಏಜೆನ್ಸಿಯ ಖರ್ಚು 10.5 ಲಕ್ಷ, ಮೇಲೆ ಶೇ. 18 ಜಿಎಸ್‌ಟಿ. ಅದನ್ನು ನೀವು ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಸ್ಕೀಮ್‌ನಲ್ಲಿ ಇಲ್ಲದಿದ್ದರೆ ಕ್ರೆಡಿಟ್ ತೆಗೆದುಕೊಳ್ಳಬಹುದು. ಸಂಬಳವೇ 14.4 ಲಕ್ಷ ಆಗುತ್ತದೆ. ಹಾಗಿದ್ದೂ ನಾನು ಯಾಕೆ ಸಂಬಳದ ಕಡೆ ವಾಲುತ್ತೇನೆ ಎಂದರೆ, ದಾವಣಗೆರೆಯ ಗೆಳೆಯರೊಬ್ಬರ ಬಟ್ಟೆ ಅಂಗಡಿಯಲ್ಲಿ ಕಣ್ಣಾರೆ ಕಂಡದ್ದು ಮರೆಯಲು ಆಗಿಲ್ಲ.

ಅವರದ್ದೂ ಕೈಮಗ್ಗದ ಸೀರೆ. ಇಳಕಲ್ ಸೀರೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ: ಅದೇ ಬಣ್ಣ, ಅದೇ ದಡಿ, ಅದೇ ತೋಪ್ ತೆನಿ ಸೆರಗು ಇರುವ ಇನ್ನೊಂದು ಸೀರೆ ಅಂಗಡಿಯಲ್ಲಿ ಇರುವುದೇ ಇಲ್ಲ ಎನ್ನಬಹುದು. ಸೋಪು, ಶಾಂಪೂ ಆದರೆ ನೂರರಲ್ಲಿ ಒಂದು ಹೆಚ್ಚು ಕಡಿಮೆ ಆದರೂ ನಡೆಯುತ್ತದೆ. ಇಲ್ಲಿ ಸ್ಟಾಕ್ ಎಂದರೆ ಒಂದು, ಇಲ್ಲವೇ ಸೊನ್ನೆ. ಅವರ ವೆಬ್‌ಸೈಟನ್ನು ಏಜೆನ್ಸಿಯೊಂದು ಕಟ್ಟಿತ್ತು. ಬಿಲ್ಲಿಂಗ್ ಸಾಫ್ಟ್‌ವೇರಿನ ಲೆಕ್ಕ ರಾತ್ರಿ ಒಮ್ಮೆ ವೆಬ್‌ಸೈಟಿಗೆ ಹೋಗುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕೌಂಟರಿನಲ್ಲಿ ಮಾರಿಹೋದ ಸೀರೆಗೆ ನಾಲ್ಕು ಗಂಟೆಗೆ ಪುಣೆಯಿಂದ ಒಬ್ಬರು ದುಡ್ಡು ಕಟ್ಟುತ್ತಿದ್ದರು. ದುಡ್ಡು ವಾಪಸ್ ಕೊಡುವುದಲ್ಲದೆ, ಪೇಮೆಂಟ್ ಗೇಟ್‌ವೇ ಮುರಿದುಕೊಂಡ ಕಮಿಷನ್ನೂ ಇವರ ಮೈಮೇಲೆ. ಮಗಳ ಸೀಮಂತಕ್ಕೆಂದು ಆರಿಸಿದ ಸೀರೆ ಇಲ್ಲ ಎಂದಾಗ ಆ ತಾಯಿ ಫೋನಿನಲ್ಲಿ ಆಡಿದ ಮಾತು ಬೇರೆ.

ಬಿಲ್ ಆದ ತಕ್ಷಣ ಸ್ಟಾಕ್ ಕಡಿತವಾಗುವಂತೆ ಮಾಡಿ ಎಂದು ಏಜೆನ್ಸಿಗೆ ಕೇಳಿದರು. ಅದು ಮೊದಲ ಕರಾರಿನಲ್ಲಿಲ್ಲ, ಬೇರೆ ಕೊಟೇಷನ್ ಎಂದರು. ತಪ್ಪೇನಿಲ್ಲ, ಅವರು ಬರೆಸಿಕೊಂಡಷ್ಟು ಮಾಡಿದ್ದರು. ಆ ಹೊತ್ತಿಗೆ ಗೆಳೆಯರು ಊರಿನದೇ ಒಂದು ಹುಡುಗಿಯನ್ನು ಸಂಬಳಕ್ಕೆ ಇಟ್ಟುಕೊಂಡರು. ಆಕೆ ಮೊದಲ ಮೂರು ದಿನ ಕಂಪ್ಯೂಟರ್ ಮುಟ್ಟಲಿಲ್ಲ, ಕೌಂಟರಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಜಾತ್ರೆ, ಮದುವೆ ಸೀಸನ್ನಿನಲ್ಲಿ ಸೇಲ್ಸ್ ಹುಡುಗರು ಗಿರಾಕಿಗೆ ಸೀರೆ ಕೊಟ್ಟು ಕಳಿಸಿ, ಬಾರ್‌ಕೋಡ್ ಚೀಟಿಯನ್ನು ಮುಳ್ಳಿಗೆ ಚುಚ್ಚಿಟ್ಟು, ಸಂಜೆ ಒಟ್ಟಿಗೆ ಸ್ಕ್ಯಾನ್ ಮಾಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಅಂದರೆ ಏಜೆನ್ಸಿ ಹೇಳಿದ ದುಡ್ಡು ಕೊಟ್ಟು ಜೋಡಿಸಿಕೊಂಡಿದ್ದರೂ ಸ್ಟಾಕ್ ಸಂಜೆವರೆಗೆ ಸುಳ್ಳೇ ಹೇಳುತ್ತಿತ್ತು. ಅವಳು ಮಾಡಿದ್ದು ಇಷ್ಟೇ: ಆನ್‌ಲೈನಿನಲ್ಲಿ ಫೋಟೊ ಹಾಕಿದ ಇನ್ನೂರು ಸೀರೆಗಳನ್ನು ಒಂದು ಬೀರುವಿಗೆ ಹಾಕಿಸಿ ಬೀಗ ಜಡಿಸಿದಳು. ಕೌಂಟರಿನ ಗಿರಾಕಿ ಆ ಸೀರೆಯನ್ನೇ ಕೇಳಿದರೆ ವೆಬ್‌ಸೈಟಿನಿಂದ ಮೊದಲು ತೆಗೆದು, ಆಮೇಲೆ ಬೀಗ ತೆಗೆಯಬೇಕು. ಕೋಡ್ ಬರೆದದ್ದು ಆಮೇಲೆ. ಗಿರಾಕಿ ದುಡ್ಡು ಕಟ್ಟಲು ಹೊರಟಾಗ ಆ ಸೀರೆಯನ್ನು ಹದಿನೈದು ನಿಮಿಷ ಹಿಡಿದಿಡುವುದು, ದುಡ್ಡು ಕಟ್ಟಿದವರು ಬ್ರೌಸರ್ ಮುಚ್ಚಿಬಿಟ್ಟರೂ ಗೇಟ್‌ವೇಯಿಂದ ನೇರ ಬರುವ ಸಂದೇಶ ನೋಡಿ ಆರ್ಡರ್ ದಾಖಲಿಸುವುದು, ಇಂಥವು. ಬೀರುವಿನ ಐಡಿಯಾ ಯಾವ ಕೊಟೇಷನ್ನಿನಲ್ಲಿ ಬರುತ್ತಿತ್ತು ಹೇಳಿ!

ಏಜೆನ್ಸಿಗೂ ಅದರ ಜಾಗ ಇದೆ. ಡಿಸೈನರ್, ಪರೀಕ್ಷೆ ಮಾಡುವವರು, ಸರ್ವರ್ ನೋಡುವವರು ಒಂದೇ ಸೂರಿನಡಿ ಸಿಗುತ್ತಾರೆ, ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಇರುತ್ತಾನೆ. ದೀಪಾವಳಿಗೆ ಮೂರು ತಿಂಗಳಿದ್ದು, ಕೈಯಲ್ಲಿ ಏನೂ ಇಲ್ಲದಿದ್ದರೆ ಅವರೇ ಗತಿ. ಅಷ್ಟು ಒಪ್ಪಿದೆ.

ಫ್ರೀಲ್ಯಾನ್ಸರ್ ವಿಷಯದಲ್ಲಿ ನನ್ನ ಕೈ ಸುಟ್ಟಿದೆ. ನಮ್ಮ ಪತ್ರಿಕೆಯ ಮೊದಲ ವೆಬ್‌ಸೈಟ್ ಮಾಡಿದ ಹುಡುಗ ಒಳ್ಳೆಯವನು, ಕೆಲಸವೂ ಅಚ್ಚುಕಟ್ಟು. ಡೊಮೇನ್ ಮಾತ್ರ ಅವನ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ಅವನು ವಿದೇಶಕ್ಕೆ ಹೋದ, ನವೀಕರಣದ ನೋಟಿಸುಗಳು ಅವನ ಹಳೆಯ ಇಮೇಲ್‌ಗೆ ಹೋದವು, ಒಂದು ಬೆಳಿಗ್ಗೆ ನಮ್ಮ ಪತ್ರಿಕೆ ಇಂಟರ್‌ನೆಟ್ಟಿನಲ್ಲಿ ಇರಲಿಲ್ಲ. ಡಾಟ್ ಕಾಂ ಹೆಸರು ರದ್ದಾದ ಮೇಲೂ ಬಿಡಿಸಿಕೊಳ್ಳಲು 30 ದಿನ ಕೊಡುತ್ತಾರೆ. ನಾವು ದಂಡ ಕಟ್ಟಿ ಬಿಡಿಸಿಕೊಂಡದ್ದು ಇಪ್ಪತ್ತಾರನೇ ದಿನ.

ಇನ್ನೊಂದು ವಿಷಯ ಆಗ ವಕೀಲ ಮಿತ್ರರಿಂದ ತಿಳಿಯಿತು. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ನಮ್ಮ ಕವಿಗಳು ಇದಕ್ಕೆ ಏನನ್ನುತ್ತಾರೋ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಕರಾರಿಲ್ಲದಿದ್ದರೆ, ಮಾಲೀಕನೇ ಒಡೆಯ ಎನ್ನುತ್ತದೆ 17ನೇ ಕಲಂ. ಹೊರಗಿನವರಿಗೆ ದುಡ್ಡು ಕೊಟ್ಟು ಬರೆಸಿದ ಕೋಡಿಗೆ ಈ ಅನುಕೂಲ ಇಲ್ಲ, ಅವರು ಸಹಿ ಮಾಡಿದ ಹಸ್ತಾಂತರ ಪತ್ರ ಬೇಕು. ಆ ಪತ್ರದಲ್ಲಿ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 19ನೇ ಕಲಂ ಪ್ರಕಾರ ಐದು ವರ್ಷ ಮಾತ್ರ. ನಿಮಗೆ ಬಂದ ಎರಡೂ ಕೊಟೇಷನ್ ತೆಗೆದು ನೋಡಿ, ಈ ಮಾತು ಅವುಗಳಲ್ಲಿ ಇದೆಯೇ?

ನಿಮ್ಮನ್ನು ಸ್ವಲ್ಪ ಬೈಯುವುದೂ ಇದೆ. ಎಂಥ ಸಣ್ಣ ಅಂಗಡಿಯಲ್ಲೂ ಕಿರ್ದಿ ಬರೆಯಲು ಒಬ್ಬ ಗುಮಾಸ್ತನಿರುತ್ತಾನೆ, ಅವನ ಸಂಬಳಕ್ಕೆ ಯಾವ ಸಾಹುಕಾರನೂ ಗೊಣಗುವುದಿಲ್ಲ. ವೆಬ್‌ಸೈಟ್ ಎಂದ ತಕ್ಷಣ ಬೋರ್ಡ್ ಬರೆಸಿದ ಹಾಗೆ ಒಮ್ಮೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಲು ನೋಡುತ್ತೀರಿ. ಅದು ಬೋರ್ಡಲ್ಲ, ಕಿರ್ದಿ. ದಿನಾ ಬರೆಯಬೇಕು. ಗದಗದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗ ಹುಡುಗಿಯರು ಬೆಂಗಳೂರಿಗೆ ಬಸ್ಸು ಹತ್ತಿ, ಪೇಯಿಂಗ್ ಗೆಸ್ಟ್ ರೂಮಿನಲ್ಲಿ ಕೂತು ಯಾವುದೋ ದೇಶದ ಅಂಗಡಿಯ ಸ್ಟಾಕ್ ಸರಿಮಾಡುತ್ತಾರೆ. ನಮ್ಮೂರ ಅಂಗಡಿಯವರು ಬೆಂಗಳೂರಿನ ಏಜೆನ್ಸಿಗೆ ಫೋನ್ ಹಚ್ಚಿ, ಗೋಮಿ ದಡಿ ಎಂದರೇನು ಎಂದು ಅಲ್ಲಿನವರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಲು ಒದ್ದಾಡುತ್ತಾರೆ.

ಇಟ್ಟುಕೊಳ್ಳುವಾಗ ಒಂದು ಎಚ್ಚರ. ಒಬ್ಬರೇ ಇದ್ದು ಅವರು ಬಿಟ್ಟುಹೋದರೆ ಅಂಗಡಿ ನಿಂತುಹೋಗಬಾರದು. ಅದಕ್ಕೆ ಎಲ್ಲವನ್ನೂ ಸೊನ್ನೆಯಿಂದ ಬರೆಸಬೇಡಿ. ವೂಕಾಮರ್ಸ್, ಶಾಪಿಫೈನಂಥ ಸಿದ್ಧ ವ್ಯವಸ್ಥೆಯ ಮೇಲೆ ನಿಲ್ಲಿಸಿ, ಬಿಲ್ಲಿಂಗ್‌ಗೆ ಜೋಡಿಸುವ ಭಾಗವನ್ನಷ್ಟೇ ಬರೆಸಿ. ಆಗ ನಂತರ ಬಂದವರಿಗೂ ಅದರ ತಲೆಬುಡ ಗೊತ್ತಾಗುತ್ತದೆ. ಡೊಮೇನ್, ಹೋಸ್ಟಿಂಗ್, ಗೇಟ್‌ವೇ, ಕೋಡ್ ಇಡುವ ಖಾತೆ, ಈ ನಾಲ್ಕೂ ಅಂಗಡಿಯ ಇಮೇಲ್‌ನಲ್ಲಿರಲಿ, ಒಟಿಪಿ ನಿಮ್ಮ ಮೊಬೈಲಿಗೆ ಬರಲಿ. ಡೆವಲಪರಿಗೆ ಬೇರೆ ಬಳಕೆದಾರರಾಗಿ ಪ್ರವೇಶ ಕೊಡಿ, ಬಿಟ್ಟ ದಿನ ಅದನ್ನು ತೆಗೆದುಹಾಕಿ.

ಅಂದಹಾಗೆ, ನಿಮ್ಮ ಪತ್ರದ ತಲೆಬರಹದಲ್ಲಿ ಅಂಗಡಿಯ ಹೆಸರಿನ ವೆಬ್ ವಿಳಾಸವೊಂದು ಅಚ್ಚಾಗಿದೆ. ಕುತೂಹಲಕ್ಕೆ ತೆರೆದೆ, ಈ ಹೆಸರು ಮಾರಾಟಕ್ಕಿದೆ ಎಂದು ಬಂತು. ಲೆಟರ್‌ಹೆಡ್ ಮಾಡಿಸಿದಾಗ ಅದನ್ನು ಯಾರು ನೋಂದಾಯಿಸಿದ್ದರು, ನಿಮ್ಮ ಮಗನನ್ನು ಕೇಳಿ ನೋಡಿ.

— ಸಂಪಾದಕ