ರಾತ್ರಿ ಹತ್ತು ಗಂಟೆಯ ರೊಟ್ಟಿ: ಒಂದು ಆಪ್ತಸಲಹೆ ಪ್ರಕರಣ

ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ ಕಲಬುರಗಿಯ ನನ್ನ ಕೋಣೆಗೆ ಗಂಡ ಹೆಂಡತಿ ಬಂದರು. ಮದುವೆಯಾಗಿ 11 ವರ್ಷ, ಇಬ್ಬರು ಮಕ್ಕಳು. ಆಕೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಆತ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ನೋಡುತ್ತಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಕ್ಕೋರು, ಮುನೀಮರು ಅಂತಲೇ ಕರೆಯುತ್ತೇನೆ.

ತೊಗರಿ ಸುಗ್ಗಿ ಅಂದರೆ ಮುನೀಮರಿಗೆ ಮನೆಗೆ ಬರುವ ಹೊತ್ತು ಅಂತ ಇರುವುದಿಲ್ಲ. ಸಂಜೆ ಬಂದ ಲಾರಿಗಳು ಕಾಟಾ ಮುಂದೆ ಸಾಲು ನಿಲ್ಲುತ್ತವೆ. ತೂಕ ಆಗಿ, ಮಾಲು ಇಳಿದು, ಚೀಟಿ ಬರೆದ ಮೇಲೆಯೇ ಅವರು ಹೊರಡಬೇಕು. ಅಕ್ಕೋರು ಎಂಟಕ್ಕೆ ಹಿಟ್ಟು ನಾದಿ, ಬಿಸಿ ರೊಟ್ಟಿ ಬಡಿಯಲು ಕಾಯುತ್ತಾರೆ. ಒಂಬತ್ತಾಗುತ್ತದೆ, ಹತ್ತಾಗುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಬೈಕ್ ಸಪ್ಪಳ ಕೇಳಿದ ಕೂಡಲೇ ಬಾಗಿಲಲ್ಲೇ ಶುರು: "ನಿಮಗ ಮನಿ ಮಂದಿ ಕಾಳಜಿನೇ ಇಲ್ಲ. ಹನ್ನೊಂದು ವರ್ಷ ಆತು, ಹಿಂಗೇ ಅದೀರಿ."

ಮುನೀಮರು ಚಪ್ಪಲಿಯನ್ನೂ ಬಿಡದೆ ಮಾಳಿಗೆ ಹತ್ತುತ್ತಾರೆ. ಊಟ ಹಾಗೇ ಉಳಿಯುತ್ತದೆ.

ಮೊದಲ ದಿನ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ. ಹೊಡೆತ ಇದೆಯಾ, ಬೆದರಿಕೆ ಇದೆಯಾ, ಒಬ್ಬರಿಗೆ ಇನ್ನೊಬ್ಬರ ಭಯ ಇದೆಯಾ ಅಂತ ಕೇಳಿದೆ. ಈ ಪ್ರಶ್ನೆ ನಾನು ಎಂದೂ ಬಿಡುವುದಿಲ್ಲ. ಭಯ ಇರುವ ಮನೆಯಲ್ಲಿ "ಚೆನ್ನಾಗಿ ಕೇಳಿ ನೋಡಿ" ಅನ್ನುವುದು ಹೊಡೆಸಿಕೊಳ್ಳುವವರ ಮೇಲೆಯೇ ಭಾರ ಹಾಕಿದ ಹಾಗೆ. ಅಂಥವರಿಗೆ ಮೊದಲು ಬೇಕಾದದ್ದು ಸುರಕ್ಷತೆ. 181 ಮಹಿಳಾ ಸಹಾಯವಾಣಿಯ ನಂಬರ್ ಕೊಡುತ್ತೇನೆ. ಇವರಲ್ಲಿ ಭಯ ಇರಲಿಲ್ಲ. ಇದ್ದದ್ದು ದಣಿವು, ನೋವು.

ಆಮೇಲೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಮನಸ್ಸಿನಲ್ಲಿರುವ ದೂರು ಬರೆಯಿರಿ ಅಂದೆ. ಅಕ್ಕೋರು ಬರೆದದ್ದು: "ಕಾಳಜಿ ಇಲ್ಲ. ಜವಾಬ್ದಾರಿ ಇಲ್ಲ. ಮಿಲ್ಲೇ ಮನಿ." ಮುನೀಮರು ಬರೆದದ್ದು ಒಂದೇ ಸಾಲು: "ಬಾಯಿ ಬಹಳ."

ನಾನು ಕೇಳಿದೆ, "ನಿಮ್ಮ ಅಡುಗೆಮನೆಯಲ್ಲಿ ಒಂದು ಕ್ಯಾಮೆರಾ ಇದೆ ಅಂದುಕೊಳ್ಳಿ. ಕಾಳಜಿ ಇಲ್ಲದ್ದು ಅದರಲ್ಲಿ ಹೇಗೆ ಕಾಣುತ್ತದೆ?"

ಅಕ್ಕೋರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಾಳಜಿ ಕಾಣೋದಿಲ್ರೀ. ನಾ ಹಂಚಿನ ಮುಂದ ಕುಂತಿದ್ದು ಕಾಣ್ತದ. ಫೋನ್ ನೋಡೋದು ಕಾಣ್ತದ. ಆಮ್ಯಾಲೆ ಗ್ಯಾಸ್ ಬಂದ್ ಮಾಡೋದು ಕಾಣ್ತದ." ಅಷ್ಟು ಹೇಳುವಾಗ ಅವರ ದನಿ ಇಳಿದಿತ್ತು. ಮುನೀಮರು ಅವತ್ತು ಮೊದಲ ಸಲ ಹೆಂಡತಿಯ ಮುಖ ನೋಡಿದರು.

"ಕಾಳಜಿ ಇಲ್ಲ" ಅನ್ನುವುದು ಮನುಷ್ಯನ ಮೇಲೆ ಹೊರಿಸುವ ತೀರ್ಪು. ಅದನ್ನು ಕೇಳಿದವನು ನಾಳೆ ಏನು ಮಾಡಬೇಕು? ಅವನಿಗೆ ಗೊತ್ತಾಗುವುದಿಲ್ಲ. ತಾನು ಅಂಥವನಲ್ಲ ಅಂತ ವಾದಿಸಬಹುದು, ಇಲ್ಲವೇ ಎದ್ದು ಹೋಗಬಹುದು. ಹಂಚಿನ ಮುಂದೆ ಎರಡು ತಾಸು ಕೂತದ್ದು ನಡೆದ ಸಂಗತಿ. ಅದರ ಬಗ್ಗೆ ಏನಾದರೂ ಮಾಡಲು ಬರುತ್ತದೆ.

ಇನ್ನು ಅದನ್ನು ಕೋರಿಕೆಯಾಗಿ ಹೇಳಿ ಅಂದೆ. ಅಕ್ಕೋರ ಮೊದಲ ಪ್ರಯತ್ನ: "ನೀವು ಬೇಜವಾಬ್ದಾರಿ ಅಂತ ನನಗ ಅನಸ್ತದ. ಲಗೂನ ಬರ್ರಿ." ಈ ತಪ್ಪು ಬಹಳ ಜನ ಮಾಡುತ್ತಾರೆ. ಕೊನೆಗೆ "ನನಗ ಅನಸ್ತದ" ಅಂತ ಸೇರಿಸಿದ ಮಾತ್ರಕ್ಕೆ ಬೈಗುಳ ಭಾವನೆ ಆಗುವುದಿಲ್ಲ. ಬೇಜಾರು, ಹೆದರಿಕೆ, ಒಂಟಿತನ, ಇವು ಭಾವನೆ. ಬೇಜವಾಬ್ದಾರಿ ಅನ್ನುವುದು ಗಂಡನ ಬಗ್ಗೆ ಅಭಿಪ್ರಾಯ. "ಲಗೂನ" ಅನ್ನುವುದೂ ಕೆಲಸಕ್ಕೆ ಬರುವುದಿಲ್ಲ. ಅವರ ಲೆಕ್ಕದಲ್ಲಿ ಎಂಟು ಲಗೂನ, ಇವರ ಲೆಕ್ಕದಲ್ಲಿ ಒಂಬತ್ತೂವರೆ ಲಗೂನ.

ಮೂರನೇ ಸಲಕ್ಕೆ ಮಾತು ಹೀಗೆ ಬಂತು: "ನೀವು ಬರೋ ಹೊತ್ತು ಗೊತ್ತಾಗದೆ ಹಂಚಿನ ಮುಂದ ಕುಂತಾಗ ನನಗ ಭಾಳ ಒಂಟಿ ಅನಸ್ತದ, ರಸ್ತೆ ಮ್ಯಾಲ ಏನಾರ ಆತೇನೋ ಅಂತ ಹೆದರಿಕಿನೂ ಬರ್ತದ. ಒಂಬತ್ತರೊಳಗ ಬರೋದು ಆಗೋದಿಲ್ಲಂದ್ರ ಎಂಟಕ್ಕ ಒಂದು ಫೋನ್ ಮಾಡ್ರಿ."

ಮುನೀಮರು ಒಪ್ಪಲಿಲ್ಲ. "ಎಂಟಕ್ಕ ನಾ ಕಾಟಾ ಮುಂದ ಇರ್ತೀನಿ, ಫೋನ್ ಡ್ರಾಯರ್‌ದಾಗ ಇರ್ತದ. ಏಳೂವರೆಗೆ ಚಾ ಬರ್ತದ. ಆವಾಗ ಮೆಸೇಜ್ ಹಾಕ್ತೀನಿ." ನನಗೆ ಅವತ್ತು ಅತಿ ಹೆಚ್ಚು ಖುಷಿ ಕೊಟ್ಟದ್ದು ಈ ಮಾತು. ಆಗಲ್ಲ ಅನ್ನಲು ಜಾಗ ಇದ್ದರೇ ಅದು ಕೋರಿಕೆ, ಇಲ್ಲದಿದ್ದರೆ ಹುಕುಂ. ಅವರು ಒಂದನ್ನು ಆಗಲ್ಲ ಅಂದು, ಆಗುವ ಇನ್ನೊಂದನ್ನು ಮುಂದಿಟ್ಟರು. ಅಕ್ಕೋರು ಒಪ್ಪಿದರು. ತಡವಾಗುವ ದಿನ ಎಂಟೂವರೆಗೆ ಮಕ್ಕಳ ಜೊತೆ ತಾವು ಉಂಡುಬಿಡುವುದಾಗಿ ಅವರೇ ಹೇಳಿದರು.

ಆಮೇಲೆ ಮುನೀಮರ "ಬಾಯಿ ಬಹಳ" ಅನ್ನುವ ಸಾಲನ್ನೂ ಹೀಗೆಯೇ ಬಿಡಿಸಿದೆವು. ಕ್ಯಾಮೆರಾದಲ್ಲಿ ಕಂಡದ್ದು ಬಾಗಿಲು, ಪಕ್ಕದಲ್ಲಿ ಕೂತ ತಾಯಿ. "ನಮ್ಮವ್ವನ ಮುಂದ ಬೈಸ್ಕೊಂಡ್ರ ನನಗ ತಲಿ ಎತ್ತಾಕ ಆಗೋದಿಲ್ಲ. ಊಟ ಆದ ಮ್ಯಾಲ, ನಮ್ಮ ಖೋಲ್ಯಾಗ ಹೇಳು. ನಾ ಕೇಳ್ತೀನಿ." ಮಾಳಿಗೆಗೆ ಹೋಗುವುದರ ಬಗ್ಗೆಯೂ ಅಕ್ಕೋರು ಕೇಳಿಕೊಂಡರು. ಎದೆ ಹೊಡೆದುಕೊಳ್ಳುವಷ್ಟು ಸಿಟ್ಟು ಬಂದಾಗ ಹೋಗಲಿ, ಆದರೆ "ಅರ್ಧ ತಾಸು ಬಿಟ್ಟು ಬರ್ತೀನಿ" ಅಂತ ಹೇಳಿ ಹೋಗಲಿ, ಹೇಳಿದ ಹಾಗೆ ಬರಲಿ. ಸಿಟ್ಟು ಮೈಯಿಂದ ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಅದಕ್ಕೇ ಅರ್ಧ ತಾಸು.

ಎರಡು ವಾರ ಬಿಟ್ಟು ಬಂದಾಗ ಇಬ್ಬರ ಮುಖವೂ ಬಿಗಿದಿತ್ತು. ಒಂದು ಗುರುವಾರ ಮೆಸೇಜ್ ತಪ್ಪಿತ್ತು. ಅಕ್ಕೋರು ಅಂದಿದ್ದರು, "ಒಂದು ಮೆಸೇಜ್ ಹಾಕಾಕೂ ಆಗೋದಿಲ್ಲ, ಅದಕ್ಕೇ ಅಂತೀನಿ ನೀವು ಇಂಥವ್ರೇ ಅಂತ." ಮುನೀಮರು ಮತ್ತೆ ಮಾಳಿಗೆ ಹತ್ತಿದ್ದರು. ಇದು ಆಗುವುದೇ. ಕೋರಿಕೆ ಒಮ್ಮೆ ತಪ್ಪಿದ ಕೂಡಲೇ ಹಳೆಯ ತೀರ್ಪು ನಾಲಿಗೆ ತುದಿಗೆ ಬರುತ್ತದೆ, ಈಗ ಸಾಕ್ಷಿಯ ಸಮೇತ. ಆಗಲೂ ಆ ಒಂದು ದಿನದ ಮಾತನ್ನಷ್ಟೇ ಆಡಬೇಕು. ಅವತ್ತು ನನ್ನ ಕೋಣೆಯಲ್ಲೇ ಅಕ್ಕೋರು ಮತ್ತೆ ಹೇಳಿದರು: "ಗುರುವಾರ ಮೆಸೇಜ್ ಬರಲಿಲ್ಲ, ನಾ ಹತ್ತರ ತನಕ ಕಾದೆ. ಏನಾಗಿತ್ತು?" ಅವತ್ತು ಚಾ ಬಂದಿರಲಿಲ್ಲವಂತೆ. ಚಾ ಜೊತೆ ಮೆಸೇಜೂ ಮರೆತಿತ್ತು. ಏಳೂವರೆಗೆ ಫೋನಿನಲ್ಲಿ ಅಲಾರಾಂ ಇಡುವುದು ಅಂತಾಯಿತು. ಫೋನ್ ಡ್ರಾಯರ್‌ನಲ್ಲಿದ್ದರೂ ಸಪ್ಪಳ ಕೇಳುತ್ತದೆ.

ಆಡಿದ ಮಾತು ಎಲ್ಲಿಗೆ ತಾಗಿತು ಅಂತ ತಿಳಿಯಲು ಇಬ್ಬರಿಗೂ ಒಂದು ಗುರುತು ಹೇಳಿಕೊಟ್ಟೆ. ಎದುರಿನವರು "ನಾ ಅಂಥಾವಲ್ಲ" ಅಂತ ತಮ್ಮ ಪರ ಮಾತಾಡಲು ಶುರು ಮಾಡಿದರೆ, ಮಾತು ಗುಣಕ್ಕೆ ತಾಗಿದೆ. ನಿಲ್ಲಿಸಿ, "ತಡಿ, ಮತ್ತೊಮ್ಮೆ ಹೇಳ್ತೀನಿ" ಅನ್ನಿ. ಅವರ ಉತ್ತರದಲ್ಲಿ ಗಂಟೆ, ದಿನ, "ಆಗ್ತದ", "ಆಗೋದಿಲ್ಲ" ಬಂದರೆ, ಮಾತು ಕೆಲಸಕ್ಕೆ ತಾಗಿದೆ.

ನಾಲ್ಕನೇ ಭೇಟಿಗೆ ಬರುವಷ್ಟರಲ್ಲಿ ಶರಣಬಸವೇಶ್ವರ ಜಾತ್ರೆ ಹತ್ತಿರವಾಗಿತ್ತು. ತೇರಿನ ದಿನ ನಾಲ್ಕಕ್ಕೆ ಮನೆಯಲ್ಲಿರಬೇಕು, ಮಕ್ಕಳನ್ನು ಕರೆದುಕೊಂಡು ಹೋಗೋಣ, ಮಾಲೀಕರನ್ನು ಈಗಲೇ ಕೇಳಿಟ್ಟಿರಿ ಅಂತ ಅಕ್ಕೋರು ಕೇಳಿದ್ದರು. ಮುನೀಮರು ಕೇಳಿದ್ದರು, ರಜೆ ಸಿಕ್ಕಿತ್ತು. ಊರಿನ ಹೊಲದ ದುಡ್ಡು ತಮ್ಮನಿಗೆ ಕೊಟ್ಟ ವಿಷಯ ಮಾತ್ರ ಇನ್ನೂ ಹಾಗೇ ಇದೆ. ಅದರಲ್ಲಿ ಕೇಳುವ ರೀತಿಗಿಂತ ದೊಡ್ಡದು, ದುಡ್ಡು ಯಾರದ್ದು, ಯಾರು ತೀರ್ಮಾನ ಮಾಡಬೇಕು ಅನ್ನುವ ಪ್ರಶ್ನೆ. ಮುಂದಿನ ಭೇಟಿಗೆ ಇಬ್ಬರೂ ಲೆಕ್ಕದ ಪುಸ್ತಕ ತನ್ನಿ ಅಂದಿದ್ದೇನೆ.